ಮುಸ್ಸಂಜೆಗೆ ತಡಕಾಡದ ಸೌರಫಲಕ

ಎರಡು ಎಲ್‌ಡಿಆರ್, ನಡುವೆ ಒಂದು ತೆಳು ಅಡ್ಡಗೋಡೆ, ಕೆಳಗೆ ಒಂದು ಸರ್ವೋ. ಸೂರ್ಯ ಪಶ್ಚಿಮಕ್ಕೆ ಸರಿದಂತೆ ಗೋಡೆಯ ನೆರಳು ಪೂರ್ವದ ಎಲ್‌ಡಿಆರ್ ಮೇಲೆ ಬೀಳುತ್ತದೆ. ಆರ್ಡುಯಿನೊ ಎರಡರ ಅಳತೆಯನ್ನು ಹೋಲಿಸಿ, ಬೆಳಕು ಹೆಚ್ಚಿರುವ ಕಡೆಗೆ ಫಲಕವನ್ನು ತಿರುಗಿಸುತ್ತದೆ. ಹಗಲಿನಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಸಂಜೆ ಆರರ ಹೊತ್ತಿಗೆ ಮಾತ್ರ ಫಲಕ ಅತ್ತಿತ್ತ ಹೊರಳಾಡಲು ಶುರು ಮಾಡುತ್ತದೆ, ಸರ್ವೋ ಗುರುಗುಟ್ಟುತ್ತಲೇ ಇರುತ್ತದೆ. ಬಹಳ ಮಂದಿ ಇದು ಅಗ್ಗದ ಸರ್ವೋದ ದೋಷವೆಂದುಕೊಂಡು ಅದನ್ನೇ ಬದಲಿಸುತ್ತಾರೆ. ಹೆಚ್ಚಿನ ಸಲ ದೋಷವಿರುವುದು ನಾವು ಮಾಡುವ ಲೆಕ್ಕದಲ್ಲಿ.

ಸಾಮಾನ್ಯವಾಗಿ ಪ್ರತಿ ಎಲ್‌ಡಿಆರ್‌ಗೆ 10 ಕಿಲೋಓಮ್ ರೆಸಿಸ್ಟರ್ ಜೋಡಿಸಿ, ಎರಡು ಅಳತೆಗಳನ್ನು ಕಳೆದು, ವ್ಯತ್ಯಾಸ 50 ದಾಟಿದರೆ ತಿರುಗು ಎಂದು ಬರೆಯುತ್ತಾರೆ. ನಡುಹಗಲ ಬಿಸಿಲಲ್ಲಿ ಒಂದು ಎಲ್‌ಡಿಆರ್ 200 ಓಮ್, ನೆರಳಿನದು 300 ಓಮ್ ಇದೆ ಎನ್ನೋಣ. 0ಯಿಂದ 1023ರ ಅಳತೆಯಲ್ಲಿ ಅವು 1003 ಮತ್ತು 993 ತೋರಿಸುತ್ತವೆ. ವ್ಯತ್ಯಾಸ ಬರೀ 10, ಫಲಕ ಅಲುಗುವುದಿಲ್ಲ. ಮುಸ್ಸಂಜೆಗೆ ಅದೇ ಪ್ರಮಾಣದಲ್ಲಿ ಒಂದು 2 ಕಿಲೋಓಮ್, ಇನ್ನೊಂದು 3 ಕಿಲೋಓಮ್ ಆದರೆ ಅಳತೆಗಳು 852 ಮತ್ತು 787. ವ್ಯತ್ಯಾಸ 65! ಓರೆ ಅಷ್ಟೇ ಇದ್ದರೂ ಫಲಕ ಬಿಸಿಲಲ್ಲಿ ಸುಮ್ಮನಿರುತ್ತದೆ, ಕತ್ತಲಾಗುವಾಗ ಚುರುಕಾಗುತ್ತದೆ. ಮಿತಿಯನ್ನು 100ಕ್ಕೆ ಏರಿಸಿದರೆ ಸಂಜೆಯ ಕಾಟ ತಗ್ಗಬಹುದು, ಆದರೆ ಮಧ್ಯಾಹ್ನ ಫಲಕ ಸೂರ್ಯನನ್ನು ಇನ್ನಷ್ಟು ಬಿಟ್ಟುಕೊಡುತ್ತದೆ.

ಆದ್ದರಿಂದ ವ್ಯತ್ಯಾಸವನ್ನಲ್ಲ, ಪ್ರಮಾಣವನ್ನು ನೋಡಬೇಕು. ಮೊದಲು 10 ಕಿಲೋಓಮ್ ತೆಗೆದು 1 ಕಿಲೋಓಮ್ ಹಾಕಿ, ಆಗ ಬಿಸಿಲಿನ ಅಳತೆಗಳು ತುದಿಗೆ ಅಂಟಿಕೊಳ್ಳುವುದಿಲ್ಲ. ಎಲ್‌ಡಿಆರ್ 5 ವೋಲ್ಟ್ ಕಡೆಗಿರಲಿ, ರೆಸಿಸ್ಟರ್ ಗ್ರೌಂಡ್ ಕಡೆಗಿರಲಿ. ಉಳಿದದ್ದು ಕೋಡ್‌ನ ಕೆಲಸ:

```
float g(int pin) {
  int a = analogRead(pin);
  a = min(a, 1022);
  return a / (1023.0 - a);
}

float e = g(A0), w = g(A1);
float sum = e + w;
float d = (w - e) / sum;
if (sum < 0.5) moving = false;
else if (fabs(d) > 0.12) moving = true;
else if (fabs(d) < 0.04) moving = false;
if (moving)
  pos = constrain(pos + (d > 0 ? 1 : -1), 40, 140);
```

ಮೇಲಿನ ಎರಡೂ ಉದಾಹರಣೆಗಳನ್ನು ಇದರಲ್ಲಿ ಹಾಕಿದರೆ `d` ಸುಮಾರು 0.2 ಬರುತ್ತದೆ, ನಡುಹಗಲಿಗೂ ಅಷ್ಟೇ, ಸಂಜೆಗೂ ಅಷ್ಟೇ. ಇನ್ನು ಎರಡು ಮಿತಿಗಳನ್ನು ಗಮನಿಸಿ: ಹೊರಡಲು 0.12, ನಿಲ್ಲಲು 0.04. ಒಂದೇ ಮಿತಿ ಇಟ್ಟರೆ ಫಲಕ ಅದರ ಅಂಚಿನಲ್ಲೇ ನಿಂತು, ಅಳತೆ ಚೂರು ಅಲುಗಿದಾಗಲೆಲ್ಲ ತಾನೂ ಅಲುಗುತ್ತದೆ. ಎರಡರ ನಡುವೆ ಅಂತರವಿದ್ದರೆ, ಒಮ್ಮೆ ನಿಂತ ಫಲಕ ಸೂರ್ಯ ನಿಜವಾಗಿ ಸರಿಯುವವರೆಗೂ ನಿಂತೇ ಇರುತ್ತದೆ.

ಸೂರ್ಯನೂ ಅವಸರದವನಲ್ಲ. ಗಂಟೆಗೆ 15 ಡಿಗ್ರಿ, ಅಂದರೆ ಒಂದು ಡಿಗ್ರಿಗೆ 4 ನಿಮಿಷ. ಎರಡು ನಿಮಿಷಕ್ಕೊಮ್ಮೆ ನೋಡಿದರೆ ಸಾಕು. ಫಲಕ ಚಲಿಸುತ್ತಿರುವಾಗ ಮಾತ್ರ ಪ್ರತಿ ಡಿಗ್ರಿಯ ನಂತರ ಅರ್ಧ ಸೆಕೆಂಡು ತಡೆದು ಮತ್ತೆ ಅಳೆಯಿರಿ. ಎಲ್‌ಡಿಆರ್ ಮಂದ ಬೆಳಕಿನಲ್ಲಿ ನಿಧಾನವಾಗಿ ಸ್ಪಂದಿಸುತ್ತದೆ. ಅದು ಹಳೆಯ ಸ್ಥಿತಿಯನ್ನೇ ಹೇಳುತ್ತಿರುವಾಗ ನಾವು ಇನ್ನೊಂದು ಹೆಜ್ಜೆ ಇಟ್ಟರೆ ಗುರಿ ದಾಟಿಬಿಡುತ್ತೇವೆ, ಆಮೇಲೆ ಹಿಂದಕ್ಕೆ ಬರುತ್ತೇವೆ, ಹೊಯ್ದಾಟ ಅಲ್ಲಿಂದಲೇ ಮೊದಲಾಗುತ್ತದೆ.

ಸೂರ್ಯ ಮುಳುಗಿದ ಮೇಲೆ ಆಕಾಶದ ಬೆಳಕಿಗೆ ಖಚಿತ ದಿಕ್ಕು ಇರುವುದಿಲ್ಲ. ಬಿಳಿ ಗೋಡೆಯೋ ಬೀದಿದೀಪವೋ ಸೂರ್ಯನಂತೆ ಕಾಣಬಹುದು. ಅದಕ್ಕಾಗಿಯೇ `sum` 0.5ಕ್ಕಿಂತ ಇಳಿದಾಗ ಹುಡುಕಾಟ ನಿಲ್ಲುತ್ತದೆ. ಹಾಗೆಯೇ ಐದು ನಿಮಿಷ ಇಳಿದೇ ಇದ್ದರೆ ಫಲಕವನ್ನು ನಿಧಾನವಾಗಿ ಪೂರ್ವಕ್ಕೆ ತಿರುಗಿಸಿಡಿ. ಎಚ್ಚರಗೊಳ್ಳಲು `sum` 1.0 ದಾಟಿ ಐದು ನಿಮಿಷ ಅಲ್ಲೇ ಉಳಿಯಬೇಕು ಎಂಬ ನಿಯಮವಿದ್ದರೆ ಹಾದುಹೋಗುವ ವಾಹನದ ಹೆಡ್‌ಲೈಟ್ ಮೋಸ ಮಾಡಲಾರದು. ಈ ಅಂಕಿಗಳು ನಿಮ್ಮ ಎಲ್‌ಡಿಆರ್‌ಗೆ ತಕ್ಕಂತೆ ಬದಲಾಗುತ್ತವೆ. ಒಂದು ಸಂಜೆ ಸೀರಿಯಲ್ ಮಾನಿಟರ್ ಮುಂದೆ ಕೂತು, ಫಲಕದಿಂದ ಉಪಯುಕ್ತ ಕರೆಂಟ್ ನಿಲ್ಲುವಾಗ `sum` ಎಷ್ಟಿದೆ ಎಂದು ಬರೆದುಕೊಳ್ಳಿ. ಎರಡು ಎಲ್‌ಡಿಆರ್‌ಗಳನ್ನೂ ನೆರಳಿನಲ್ಲಿ ಒಟ್ಟಿಗೆ, ಗೋಡೆಯಿಲ್ಲದೆ ಇಟ್ಟು `d` ನೋಡಿ. ಸೊನ್ನೆಯ ಬದಲು 0.07 ಬಂದರೆ ಅಷ್ಟನ್ನು ಪ್ರತಿಸಲವೂ ಕಳೆಯಬೇಕು.

ಇಷ್ಟಾದರೂ ಫಲಕ ಒಮ್ಮೆಲೇ ನಡುಭಾಗಕ್ಕೆ ಜಿಗಿದು ಮತ್ತೆ ಪಶ್ಚಿಮಕ್ಕೆ ಹೋಗುತ್ತಿದ್ದರೆ ಅದು ಬೇರೆಯೇ ಕಾಯಿಲೆ. ಸಂಜೆ ಬಲಗುಂದಿದ ವಿದ್ಯುತ್ತಿನಲ್ಲಿ ಸರ್ವೋ ಎಳೆದ ಕ್ಷಣ ವೋಲ್ಟೇಜ್ ಕುಸಿದು ಆರ್ಡುಯಿನೊ ರೀಸೆಟ್ ಆಗುತ್ತಿದೆ. ಕೋನ ಹೇಳದೆ `attach()` ಮಾಡಿದ ಸರ್ವೋ ನೇರ 90 ಡಿಗ್ರಿಗೆ ಹೋಗುತ್ತದೆ. ಸರ್ವೋಗೆ ಫಲಕದಿಂದ ನೇರವಾಗಿ ಕೊಡದೆ ಬ್ಯಾಟರಿಯಿಂದ ಬೇರೆ ತಂತಿ ಎಳೆಯಿರಿ, ಗ್ರೌಂಡ್ ಮಾತ್ರ ಒಂದೇ ಇರಲಿ.

ಕೊನೆಗೆ ಒಂದು ಲೆಕ್ಕ. 5 ವ್ಯಾಟ್ ಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು 20 ವ್ಯಾಟ್-ಗಂಟೆ ಕೊಟ್ಟರೆ, ಸೂರ್ಯನನ್ನು ಹಿಂಬಾಲಿಸಿದ್ದಕ್ಕೆ ಸಿಗುವ ಲಾಭ ಹೆಚ್ಚೆಂದರೆ ಐದಾರು ವ್ಯಾಟ್-ಗಂಟೆ. ಆರ್ಡುಯಿನೊ ಊನೊ ಒಂದೇ 24 ಗಂಟೆಯಲ್ಲಿ ಹೆಚ್ಚುಕಡಿಮೆ ಅಷ್ಟನ್ನೂ ಕುಡಿದುಬಿಡುತ್ತದೆ. ಪ್ರೊ ಮಿನಿಯ ಪವರ್ ಎಲ್‌ಇಡಿ ತೆಗೆದು, ಅಳತೆಗಳ ನಡುವೆ ಅದನ್ನು ನಿದ್ರೆಗೆ ಕಳಿಸಿ, ನಿಂತ ಸರ್ವೋದ ವಿದ್ಯುತ್ತನ್ನು ಒಂದು ಮಾಸ್‌ಫೆಟ್ ಮೂಲಕ ಕಡಿದರೆ ಮಾತ್ರ ಆ ಲಾಭ ಬ್ಯಾಟರಿ ಸೇರುತ್ತದೆ. ಸರ್ವೋಗೆ ವಿದ್ಯುತ್ ಇಲ್ಲದಾಗ ಫಲಕ ತಾನಾಗಿ ವಾಲದಿರಲು ಅದರ ಭಾರ ತಿರುಗುವ ಅಚ್ಚಿನ ಎರಡೂ ಬದಿಗೆ ಸಮನಾಗಿರಬೇಕು. ಗಾಳಿ ಜೋರಾಗಿ ಬೀಸುವ ಜಾಗವಾದರೆ ಲೋಹದ ಗೇರಿನ ಸರ್ವೋವನ್ನೇ ಹಾಕಬೇಕು.