ಜನಸಂಖ್ಯೆಯ ಶಿಖರವೂ ಒಂದನೆಯ ಇಯತ್ತೆಯ ಹಾಜರಿಯೂ

ಊರಿನ ಜನಸಂಖ್ಯೆ ಏರುತ್ತಿರುವಾಗಲೇ ಅದೇ ಊರಿನ ಶಾಲೆಯ ಒಂದನೆಯ ಇಯತ್ತೆಗೆ ಬರುವ ಮಕ್ಕಳು ಕಡಿಮೆಯಾಗುತ್ತ ಹೋಗುವುದು ಸಾಧ್ಯವೇ? ಸಾಂಗಲಿ-ಮಿರಜಗಳ ಬೀದಿಗಳಲ್ಲಿ ಜನಸಂದಣಿ ಹೆಚ್ಚುತ್ತಿರುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸಬಹುದು. ಅದು ಸಾಧ್ಯವಷ್ಟೇ ಅಲ್ಲ, ಬಹುಮಟ್ಟಿಗೆ ಅನಿವಾರ್ಯವೂ ಹೌದು. ಮೆಟ್ರಿಕ್‍ವರೆಗಿನ ಗಣಿತವನ್ನು ಮರೆಯದ ಯಾರಿಗಾದರೂ ಅರ್ಥವಾಗುವಂತೆ ಇದರ ಲೆಕ್ಕವನ್ನು ಇಲ್ಲಿ ಬಿಡಿಸಿಡಲು ನಾನು ಯತ್ನಿಸುತ್ತೇನೆ.

ಒಂದು ಕೆರೆಯನ್ನು ಕಲ್ಪಿಸಿಕೊಳ್ಳೋಣ. ಒಳಗೆ ಬರುವ ನೀರು ಜನನ, ಹೊರಗೆ ಹೋಗುವ ನೀರು ಮರಣ. ಒಳಹರಿವು ತಗ್ಗತೊಡಗಿದ ದಿನವೇ ಕೆರೆಯ ಮಟ್ಟ ಇಳಿಯುವುದಿಲ್ಲ. ಒಳಹರಿವು ಹೊರಹರಿವಿಗಿಂತ ಹೆಚ್ಚಾಗಿರುವಷ್ಟು ಕಾಲವೂ ಮಟ್ಟ ಏರುತ್ತಲೇ ಇರುತ್ತದೆ. ಎರಡೂ ಸಮನಾದ ಕ್ಷಣದಲ್ಲಿ ಅದು ತನ್ನ ಅತ್ಯುನ್ನತ ಮಟ್ಟವನ್ನು ಮುಟ್ಟಿ, ಆಮೇಲೆ ಇಳಿಯತೊಡಗುತ್ತದೆ. ಜನನ ದರ ಇಳಿಯತೊಡಗಿದ ವರ್ಷವನ್ನೇ ಜನಸಂಖ್ಯೆಯ ಶಿಖರವೆಂದು ತಿಳಿಯುವುದು ಈ ವಿಷಯದಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಶಿಖರವಿರುವುದು ಜನನ ದರ ಮತ್ತು ಮರಣ ದರ ಸೇರುವಲ್ಲಿ.

ಈಗ ಅಂಕಿಗಳಿಗೆ ಬರೋಣ. 2011ರ ಜನಗಣತಿಯಲ್ಲಿ ಸಾಂಗಲಿ ಜಿಲ್ಲೆಯ ಜನಸಂಖ್ಯೆ 28,22,143. ಲೆಕ್ಕದ ಅನುಕೂಲಕ್ಕಾಗಿ 2020ರಲ್ಲಿ ಅದನ್ನು 30 ಲಕ್ಷವೆಂದು ಇಟ್ಟುಕೊಳ್ಳುತ್ತೇನೆ. ಭಾರತ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದಲ್ಲಿ 2011ರಲ್ಲಿ ಸಾವಿರ ಜನರಿಗೆ 16.7 ಜನನ, 6.3 ಮರಣ, 2020ರಲ್ಲಿ ಸುಮಾರು 15 ಜನನ, 5.5 ಮರಣ. ರಾಜ್ಯದ ಈ ದರಗಳನ್ನೇ ನಮ್ಮ ಜಿಲ್ಲೆಗೂ ಅನ್ವಯಿಸೋಣ. ಒಂಬತ್ತು ವರ್ಷಗಳಲ್ಲಿ ಜನನ ದರ 1.7ರಷ್ಟು, ಅಂದರೆ ವರ್ಷಕ್ಕೆ ಸುಮಾರು 0.2ರಂತೆ ಇಳಿದಿದೆ. ಮುಂದೆಯೂ ಹಾಗೆಯೇ ಇಳಿಯುವುದೆಂದು ಭಾವಿಸೋಣ.

ಮರಣ ದರದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಈವರೆಗೆ ಅದು ಇಳಿದಿದೆಯಾದರೂ ಹಾಗೆಯೇ ಇಳಿಯುತ್ತ ಹೋಗಲಾರದು. ಮಕ್ಕಳು ಕಡಿಮೆಯಾಗಿ ಹಿರಿಯರ ಪ್ರಮಾಣ ಹೆಚ್ಚಿದಂತೆ, ವೈದ್ಯಕೀಯ ಸೌಕರ್ಯ ಎಷ್ಟೇ ಉತ್ತಮವಾಗಿದ್ದರೂ ಸಾವಿರಕ್ಕೆ ಇಷ್ಟು ಎಂಬ ಮರಣ ದರ ಏರುತ್ತದೆ. ಆಯುಷ್ಯದಲ್ಲಿ ಮುಂದಿರುವ ಕೇರಳದ ಮರಣ ದರ ಮಹಾರಾಷ್ಟ್ರದ್ದಕ್ಕಿಂತ ಹೆಚ್ಚಾಗಿರುವುದು ಈ ಕಾರಣದಿಂದಲೇ. ಆದುದರಿಂದ ಮರಣ ದರವು ವರ್ಷಕ್ಕೆ 0.05ರಂತೆ ಏರುವುದೆಂದು ಇಟ್ಟುಕೊಳ್ಳುತ್ತೇನೆ. 2020ರಿಂದ ಎಣಿಸಿದ ವರ್ಷಗಳನ್ನು t ಎಂದು ಕರೆದರೆ ಎರಡು ಫಲನಗಳು ಹೀಗಾಗುತ್ತವೆ:

b(t) = 15 − 0.2t
d(t) = 5.5 + 0.05t

ಇವೆರಡರ ಅಂತರ 9.5 − 0.25t. ಇದು ಸೊನ್ನೆಯಾಗುವುದು t = 38 ಆದಾಗ, ಅಂದರೆ 2058ರಲ್ಲಿ. ಅಲ್ಲಿಗೆ ಮುಂಚೆ ಅಂತರ ಧನ, ಅಲ್ಲಿಂದ ಮುಂದೆ ಋಣ. ಆದುದರಿಂದ ಅದು ಶಿಖರವೇ.

ಈ ಕೊನೆಯ ಪರೀಕ್ಷೆಯನ್ನು ಬಿಡಬಾರದು. ಅಂತರ ಋಣದಿಂದ ಧನಕ್ಕೆ ತಿರುಗಿದರೆ ಅದು ಶಿಖರವಲ್ಲ, ಕಣಿವೆ. 1918ರ ಇನ್‍ಫ್ಲುಯೆಂಜಾ ಮುಂಬಯಿ ಪ್ರಾಂತದಲ್ಲಿ ಉಗ್ರವಾಗಿ ಹಬ್ಬಿದಾಗ ಮರಣದ ರೇಖೆ ಜನನದ ರೇಖೆಯನ್ನು ದಾಟಿ ಮೇಲಕ್ಕೆ ಹೋಗಿ, ರೋಗ ಶಮನವಾದ ಮೇಲೆ ಮತ್ತೆ ಕೆಳಗಿಳಿಯಿತು. ಭಾರತದ ಜನಸಂಖ್ಯೆ 1911ರಲ್ಲಿ ಸುಮಾರು 25.2 ಕೋಟಿ ಇದ್ದುದು 1921ರಲ್ಲಿ 25.1 ಕೋಟಿಯಾಗಿ, ಆನಂತರ ಏರುತ್ತಲೇ ಹೋಯಿತು. ರೇಖೆಗಳು ಎರಡು ಸಲ ಸೇರಿದವು: ಒಂದು ತಾತ್ಕಾಲಿಕ ಶಿಖರ, ಇನ್ನೊಂದು ಕಣಿವೆ.

ಶಿಖರದ ವರ್ಷ ದೊರೆಯಿತು; ಇನ್ನು ಅದರ ಎತ್ತರ. ಎರಡು ರೇಖೆಗಳ ನಡುವಿನ ಕ್ಷೇತ್ರಫಲವೇ ಇದಕ್ಕೆ ಉತ್ತರ. ಅನುಕಲನ ಮಾಡುವುದೂ ಇದನ್ನೇ. ನಮ್ಮ ಉದಾಹರಣೆಯಲ್ಲಿ ಅದು 38 ವರ್ಷ ಪಾದದ, 9.5 ಎತ್ತರದ ತ್ರಿಕೋನ. ಕ್ಷೇತ್ರಫಲ 180.5, ಅಂದರೆ ಸಾವಿರಕ್ಕೆ ಒಟ್ಟು 180.5ರ ಹೆಚ್ಚಳ. ಇದನ್ನು ನೇರವಾಗಿ 30 ಲಕ್ಷಕ್ಕೆ ಅನ್ವಯಿಸಿದರೆ 35.4 ಲಕ್ಷ ಬರುತ್ತದೆ. ಆದರೆ ಅದು ಸರಳಬಡ್ಡಿಯ ಲೆಕ್ಕ. ಹೊಸದಾಗಿ ಸೇರಿದವರಿಗೂ ಮಕ್ಕಳಾಗುವುದರಿಂದ ಇಲ್ಲಿ ಚಕ್ರಬಡ್ಡಿಯ ಲೆಕ್ಕವೇ ಸರಿ:

P = P₀ × e^0.1805

ಇದರಲ್ಲಿ ಗುಣಕ ಸುಮಾರು 1.198. ಆದುದರಿಂದ ಶಿಖರದ ಜನಸಂಖ್ಯೆ ಸುಮಾರು 35.9 ಲಕ್ಷ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. 2020ರ ದರದಲ್ಲಿ 30 ಲಕ್ಷ ಜನರ ನಡುವೆ ಹುಟ್ಟುವ ಮಕ್ಕಳು ವರ್ಷಕ್ಕೆ 45,000. 2058ರಲ್ಲಿ ಜನನ ದರ 15ರಿಂದ 7.4ಕ್ಕೆ ಇಳಿದಿರುತ್ತದೆ. 35.9 ಲಕ್ಷ ಜನರಿಗೆ ಆ ದರದಲ್ಲಿ ಸುಮಾರು 26,600 ಮಕ್ಕಳು ಮಾತ್ರ. ಜಿಲ್ಲೆ ಅತ್ಯಂತ ತುಂಬಿರುವ ವರ್ಷದಲ್ಲಿಯೇ ತೊಟ್ಟಿಲುಗಳು ಐದರಲ್ಲಿ ಎರಡು ಪಾಲು ಕಡಿಮೆ! ಈ ಇಳಿಕೆ 2058ರವರೆಗೆ ಕಾಯುವುದೂ ಇಲ್ಲ. ಲೆಕ್ಕದ ಮೊದಲ ವರ್ಷದಲ್ಲಿಯೇ ಜನನ ದರ 15ರಲ್ಲಿ 0.2, ಎಂದರೆ ನೂರಕ್ಕೆ 1.3ರಷ್ಟು ಇಳಿಯುತ್ತದೆ, ಜನಸಂಖ್ಯೆ ಏರುವುದು ನೂರಕ್ಕೆ 0.95 ಮಾತ್ರ. ಇಳಿಕೆ ಏರಿಕೆಯನ್ನು ಮೀರಿಸುವುದರಿಂದ ಹುಟ್ಟುವ ಮಕ್ಕಳ ಸಂಖ್ಯೆ ಆರಂಭದಿಂದಲೇ ತಗ್ಗುತ್ತದೆ. ಜನಸಂಖ್ಯೆಯ ಶಿಖರಕ್ಕೆ ಮೂರು-ನಾಲ್ಕು ದಶಕ ಮೊದಲೇ ಶಾಲೆಯ ಶಿಖರ ಕಳೆದುಹೋಗಿರುತ್ತದೆ.

ಈ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬೇಕು? ಜನನ ದರ ವರ್ಷಕ್ಕೆ 0.15ರಂತೆ ಇಳಿದು ಮರಣ ದರ 0.04ರಂತೆ ಏರಿದರೆ, ಅಂತರ ಮುಚ್ಚಲು 50 ವರ್ಷ ಬೇಕು. ಆಗ ಶಿಖರ 2070ರಲ್ಲಿ, ಎತ್ತರ ಸುಮಾರು 38 ಲಕ್ಷ. ಇಳಿಜಾರಿನಲ್ಲಿ ಅಲ್ಪ ವ್ಯತ್ಯಾಸವಾದರೆ ವರ್ಷ ಹನ್ನೆರಡು ಮುಂದೆ ಹೋಗುತ್ತದೆ. ಎತ್ತರ ಮಾತ್ರ ನೂರಕ್ಕೆ ಆರರಷ್ಟೇ ಬದಲಾಗುತ್ತದೆ. ಶಿಖರದ ಸಮೀಪದಲ್ಲಿ ರೇಖೆ ಬಹುತೇಕ ಮಟ್ಟಸವಾಗಿರುವುದೇ ಇದಕ್ಕೆ ಕಾರಣ. ಆದುದರಿಂದ ಯಾರಾದರೂ ನಿಶ್ಚಿತ ವರ್ಷವನ್ನು ಹೇಳಿದರೆ ಸಂಶಯದಿಂದ ಕೇಳಬೇಕು; ಎತ್ತರದ ಅಂದಾಜಿಗೆ ಹೆಚ್ಚು ಬೆಲೆ ಕೊಡಬಹುದು.

ಇನ್ನೊಂದು ಮಿತಿ ವಲಸೆ. 2001ರಿಂದ 2011ರವರೆಗೆ ಮಹಾರಾಷ್ಟ್ರದ ಜನಸಂಖ್ಯೆ ನೂರಕ್ಕೆ 15.99ರಷ್ಟು ಬೆಳೆದರೆ ಸಾಂಗಲಿ ಜಿಲ್ಲೆಯದು 9.24ರಷ್ಟು ಮಾತ್ರ ಬೆಳೆಯಿತು. ಬಂದವರು-ಹೋದವರ ಲೆಕ್ಕವನ್ನು ಮೂರನೆಯ ಫಲನವಾಗಿ ಸೇರಿಸದಿದ್ದರೆ ಉತ್ತರ ತಪ್ಪುತ್ತದೆ. ಬರುವವರಿಗಿಂತ ಹೋಗುವವರು ಹೆಚ್ಚಾದರೆ ಶಿಖರ ಬೇಗ ಬರುತ್ತದೆ, ತಗ್ಗಾಗಿಯೂ ಇರುತ್ತದೆ. ದುಡಿಮೆಗೆಂದು ಹೊರಡುವವರಲ್ಲಿ ತರುಣರೇ ಹೆಚ್ಚಾದ್ದರಿಂದ ಅವರಿಗೆ ಹುಟ್ಟಬೇಕಾದ ಮಕ್ಕಳೂ ಬೇರೆ ಊರಿನ ಲೆಕ್ಕಕ್ಕೆ ಸೇರುತ್ತಾರೆ.

ಮಿರಜದಲ್ಲಾಗಲಿ ಜತ್ತದಲ್ಲಾಗಲಿ ಕನ್ನಡ ಶಾಲೆಗಳನ್ನು ನಡೆಸುವವರು ಊರಿನ ಜನಸಂಖ್ಯೆಯನ್ನು ನೋಡಿ ಕೋಣೆಗಳನ್ನು ಕಟ್ಟಬಾರದು. ಮುಂದಿನ ಜೂನ್ ತಿಂಗಳಲ್ಲಿ ಒಂದನೆಯ ಇಯತ್ತೆಗೆ ಬರಬಹುದಾದ ಮಕ್ಕಳು ಆರು ವರ್ಷಗಳ ಹಿಂದಿನ ಜನನ ನೋಂದಣಿ ಪುಸ್ತಕದಲ್ಲಿ ಈಗಾಗಲೇ ಎಣಿಕೆಗೆ ಸಿಗುತ್ತಾರೆ. ಆ ಎಣಿಕೆಯನ್ನೂ, ಅದರಲ್ಲಿ ಕನ್ನಡ ಮನೆಗಳ ಪಾಲನ್ನೂ ವರ್ಷ ವರ್ಷ ಬರೆದಿಟ್ಟುಕೊಂಡರೆ, ಹಾಜರಿ ಇಳಿದುದು ಮಕ್ಕಳೇ ಕಡಿಮೆಯಾದುದರಿಂದಲೋ, ಅಥವಾ ಇದ್ದ ಮಕ್ಕಳು ಬೇರೆ ಮಾಧ್ಯಮಕ್ಕೆ ಹೋದುದರಿಂದಲೋ ಎಂಬುದು ತಿಳಿಯುತ್ತದೆ. ಮೊದಲನೆಯದಕ್ಕೆ ಯಾವ ಶಿಕ್ಷಕರೂ ಹೊಣೆಯಲ್ಲ. ಎರಡನೆಯದು ಮಾತ್ರ ನಾವೆಲ್ಲರೂ ಕೂಡಿ ವಿಚಾರಿಸಬೇಕಾದ ಸಂಗತಿ.