ಕೇಸೋ ರಾಜಿಯೋ: ಹದಿನೈದು ಅಂಕದ ಪ್ರಶ್ನೆ

ಕಾನೂನು ತರಗತಿಗೆ ನಾನು ಕೊಟ್ಟ ಮಾದರಿ ಪ್ರಶ್ನೆ ಇದು. ಪೀಣ್ಯದ ಒಬ್ಬ ಲೇತ್ ಮಾಲೀಕ, ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆದಾರ. 2023ರ ಮೇ 10ರಂದು ಒಂದು ಕಂಪನಿಗೆ ₹300ರಂತೆ 2,000 ಬುಷ್ ಕಳಿಸಿದ; ಬಿಲ್ಲು ₹6,00,000. 90 ದಿನದಲ್ಲಿ ಹಣ ಎಂದು ಕರಾರು. ವರ್ಷ ಕಳೆದರೂ ಬಂದಿಲ್ಲ. ಕಂಪನಿ ಈಗ ‘300 ಬುಷ್‌ಗಳ ಬೋರ್ ಲೂಸ್ ಇತ್ತು, ₹4,25,000ಕ್ಕೆ ಮುಗಿಸಿ’ ಎನ್ನುತ್ತಿದೆ. ಕಂಪನಿಯಲ್ಲಿ ಎರಡರ ಬದಲು ಒಂದೇ ಶಿಫ್ಟ್ ನಡೆಯುತ್ತಿದೆ. ಇವತ್ತು 2024ರ ಜೂನ್ 24. ನಿಮ್ಮ ಕಕ್ಷಿದಾರನಿಗೆ ಅಭಿಪ್ರಾಯ ಬರೆದುಕೊಡಿ.

ಬಹುತೇಕರು ‘ದಾವೆ ಹೂಡಬಹುದು’ ಎಂದೇ ಶುರು ಮಾಡುತ್ತಾರೆ. ಹೂಡಬಹುದು ನಿಜ, ಆದರೆ ಅವನು ಕೇಳಿದ್ದು ಹೂಡಬೇಕೇ ಎಂದು. ಒಳ್ಳೆಯ ಉತ್ತರ ದಿನಾಂಕದಿಂದ ಶುರುವಾಗುತ್ತದೆ. ಮಾದರಿಗೆ ನಾನೇ ಬರೆದದ್ದು ಹೀಗಿದೆ:

“ಮಾನ್ಯರೇ, ನಿಮ್ಮ ಹಕ್ಕು ಗಟ್ಟಿಯಾಗಿದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಸಣ್ಣ ಉದ್ದಿಮೆಗೆ ಹಣ ಕೊಡಲು ಕರಾರಿನಲ್ಲಿ ಎಷ್ಟೇ ದಿನ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಅಂದರೆ ನಿಮ್ಮ ಗಡುವು 2023ರ ಜೂನ್ 24ಕ್ಕೇ ಮುಗಿದಿದೆ. ಆಮೇಲಿನ ಬಡ್ಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಈ ಅವಧಿಯಲ್ಲಿ ಬ್ಯಾಂಕ್ ರೇಟು 6.75, ಹಾಗಾಗಿ ನಿಮ್ಮ ದರ ವರ್ಷಕ್ಕೆ ಶೇ. 20.25. ಒಂದು ವರ್ಷಕ್ಕೆ ಸುಮಾರು ₹1,33,000 ಆಗಿದೆ.

ಇನ್ನು ಬೋರ್ ಲೂಸ್ ಎಂಬ ತಕರಾರು. ಸರಕು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡಂತೆ ಎನ್ನುತ್ತದೆ ಕಾಯ್ದೆ. ಅವರ ವಾಟ್ಸಾಪ್ ಬಂದದ್ದು 25ನೇ ದಿನ. ಇದು ನಿಮ್ಮ ಪರ. ಆದರೆ ಅದಕ್ಕೆ ನೀವು ‘ಮುಂದಿನ ಲಾಟ್‌ನಲ್ಲಿ ಸರಿ ಮಾಡ್ಕೊಡ್ತೀನಿ ಸಾರ್’ ಎಂದು ಉತ್ತರಿಸಿದ್ದೀರಿ. ಗಡುವಿನ ಲೆಕ್ಕ ಇದರಿಂದ ಕೆಡುವುದಿಲ್ಲ. ಆದರೆ ದೋಷವಿತ್ತೆಂದು ನೀವೇ ಒಪ್ಪಿದಂತೆ ಓದಿಕೊಳ್ಳಲು, ಆ 300 ಬುಷ್‌ಗಳ ₹90,000 ಕಳೆಯಿರಿ ಎಂದು ವಾದಿಸಲು ಎದುರಾಳಿಗೆ ಜಾಗ ಸಿಗುತ್ತದೆ. ಹಾಗಾಗಿ ಪೂರ್ತಿ ಗೆದ್ದರೆ ₹7,33,000, ದೋಷ ಸಾಬೀತಾದರೆ ಬಡ್ಡಿ ಸೇರಿ ₹6,23,000ರ ಆಸುಪಾಸು.”

ಇಲ್ಲಿಗೇ ನಿಲ್ಲಿಸಿದವರು ‘ಕೇಸು ಹಾಕಿ’ ಎಂದೇ ಮುಗಿಸುತ್ತಾರೆ. ಕಾಗದದ ಮೇಲೆ ಅವರ ಮಾತು ಸರಿ. ಮಾಲೀಕನ ಓಡಿ ಸಾಲ ಶೇ. 12ರದ್ದಾದರೆ ಕಾದಷ್ಟೂ ಅವನಿಗೇ ಲಾಭ. ಪ್ರಶ್ನೆಯಲ್ಲಿ ನಾನು ಆ ಒಂದು ಶಿಫ್ಟಿನ ಸಾಲು ಹಾಕಿದ್ದು ಇದಕ್ಕಾಗಿಯೇ. ಅದನ್ನು ಗಮನಿಸಿದವರು ಬೆರಳೆಣಿಕೆಯಷ್ಟು ಮಂದಿ.

“ನೀವು ಗೆಲ್ಲುತ್ತೀರೋ ಇಲ್ಲವೋ ಎಂಬುದಕ್ಕಿಂತ, ಗೆದ್ದ ದಿನ ಆ ಕಂಪನಿಯಲ್ಲಿ ವಸೂಲಿಗೆ ಏನು ಉಳಿದಿರುತ್ತದೆ ಎಂಬುದೇ ನನ್ನ ಚಿಂತೆ. ಆದರೂ ₹4,25,000 ಒಪ್ಪಬೇಡಿ. ತಕರಾರೇ ಇಲ್ಲದ 1,700 ಬುಷ್‌ಗಳ ಬೆಲೆಯೇ ₹5,10,000. ಮೊದಲು ಸಮಾಧಾನ್ ಪೋರ್ಟಲ್‌ನಲ್ಲಿ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕಿ, ಆಮೇಲೆ ಮಾತಿಗೆ ಕೂರಿ. ಕೌನ್ಸಿಲ್ 90 ದಿನದಲ್ಲಿ ತೀರ್ಮಾನಿಸಬೇಕೆಂಬುದು ಕಾಯ್ದೆಯ ಮಾತು. ಅದನ್ನು ನಂಬಿ ಯಾರಿಗೂ ಚೆಕ್ ಕೊಡಬೇಡಿ. ಆದರೆ ಅಲ್ಲಿ ನಿಮ್ಮ ಪರ ತೀರ್ಪಾದರೆ, ಅದನ್ನು ಪ್ರಶ್ನಿಸಲು ಅವರು ಶೇ. 75 ಹಣ ಠೇವಣಿ ಇಡಬೇಕು. ಕೈ ಬಿಗಿಯಾಗಿರುವವರಿಗೆ ಇದು ಬಿಸಿ ಮುಟ್ಟಿಸುತ್ತದೆ. ಆದಾಯ ತೆರಿಗೆಯ 43ಬಿ(ಎಚ್) ಕೂಡ ಇದೆ: ನಿಮಗೆ ಕೊಡದ ಈ ಹಣವನ್ನು ಅವರು ಕಳೆದ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಅವರ ಆಡಿಟರ್‌ಗೆ ಗೊತ್ತಿರುತ್ತದೆ. ನಿಮಗೂ ಗೊತ್ತೆಂದು ತಿಳಿಸಿ.

₹5,70,000 ಕೇಳಿ. ಒಂದೇ ಕಂತಿನಲ್ಲಿ, ತಿಂಗಳೊಳಗೆ ಕೊಡುವುದಾದರೆ ₹5,10,000ಕ್ಕೆ ಇಳಿಯಿರಿ, ಅದಕ್ಕಿಂತ ಕೆಳಗೆ ಬೇಡ. ಕಂತು ಕೇಳಿದರೆ ಒಂದು ಷರತ್ತು ಬರೆಸಿ: ಒಂದು ಕಂತು ತಪ್ಪಿದರೂ ಬಿಟ್ಟುಕೊಟ್ಟ ಬಡ್ಡಿ ಸೇರಿ ಪೂರ್ತಿ ಬಾಕಿ ಮತ್ತೆ ಜೀವಂತ. ಒಪ್ಪಂದಕ್ಕೆ ಕಾಫಿ ಹೋಟೆಲಿನಲ್ಲಿ ಸಹಿ ಹಾಕಬೇಡಿ. ಕೌನ್ಸಿಲ್‌ನ ಸಂಧಾನದಲ್ಲೇ ಹಾಕಿ. ಅಲ್ಲಿ ಆದ ರಾಜಿಗೆ ಮಧ್ಯಸ್ಥಿಕೆ ತೀರ್ಪಿನಷ್ಟೇ ಬಲ, ಅವರು ತಪ್ಪಿದರೆ ನೇರ ವಸೂಲಿಗೆ ಹೋಗಬಹುದು. ಮಾತುಕತೆ ಮುರಿದರೆ ಅರ್ಜಿ ಹೇಗೂ ನಡೆಯುತ್ತಿರುತ್ತದೆ.

ಕೊನೆಯದಾಗಿ, ಡೆಲಿವರಿ ಚಲನ್‌ನ ಮೂಲ ಪ್ರತಿ ನಾನು ನೋಡಿಲ್ಲ. ಅದರ ಮೇಲೆ ಅವರ ಮೊಹರು, ಮೇ 10ರ ದಿನಾಂಕ ಇಲ್ಲದಿದ್ದರೆ 15 ದಿನದ ಲೆಕ್ಕವೇ ಅಲ್ಲಾಡುತ್ತದೆ. ಅವರಿಗೆ ಫೋನ್ ಮಾಡುವ ಮೊದಲು ಅದನ್ನು ನನಗೆ ತಂದು ತೋರಿಸಿ.”