ಟೆರೇಸ್ ವಾಟರ್‌ಪ್ರೂಫಿಂಗ್: ಮೂರು ಕೊಟೇಶನ್ ತರಿಸೋದಲ್ಲ, ಹೋಲಿಸೋ ಹಾಗೆ ತರಿಸೋದು

ವಿಡಿಯೋದಲ್ಲಿ ಮಾತಾಡಿದ್ದನ್ನು ಇಲ್ಲಿ ಸ್ವಲ್ಪ ಜೋಡಿಸಿ ಬರೆದಿದ್ದೀನಿ.

ನಾನಿರೋ ಖಾರಘರದಲ್ಲಿ ಫೆಬ್ರುವರಿ ಬಂತೆಂದರೆ ಸೊಸೈಟಿಗಳಲ್ಲಿ ಟೆರೇಸ್ ಸೋರಿಕೆಯ ಚರ್ಚೆ ಶುರು. ಜೂನ್ ಮಳೆಗೆ ಮೊದಲು ಕೆಲಸ ಮುಗಿಯಬೇಕು. ಕಮಿಟಿಯಲ್ಲಿ ಯಾರೋ ಒಬ್ಬರು ‘ನೀವು ಐಟಿಯವರು, ಮೇಲ್ ನೀವೇ ಹಾಕಿ’ ಅಂತಾರೆ. ‘ನಮ್ಮ ಟೆರೇಸ್‌ಗೆ ವಾಟರ್‌ಪ್ರೂಫಿಂಗ್ ರೇಟ್ ಕಳಿಸಿ’ ಅಂತ ಒಂದು ಸಾಲು ಬರೆದರೆ ಉತ್ತರ ಹೇಗೆ ಬರುತ್ತೆ? ಒಬ್ಬರು ಬ್ರಿಕ್‌ಬ್ಯಾಟ್ ಕೋಬಾಕ್ಕೆ ರೇಟ್ ಕೊಡ್ತಾರೆ, ಇನ್ನೊಬ್ಬರು ಮೆಂಬ್ರೇನ್‌ಗೆ, ಮತ್ತೊಬ್ಬರು ‘ಮೂರು ಕೋಟ್’ ಅಂತ. ಮೂರೂ ಬೇರೆ ಬೇರೆ ಸರಕು. ಅವುಗಳ ರೇಟ್ ಪಕ್ಕಪಕ್ಕ ಇಟ್ಟು ನೋಡೋದರಲ್ಲಿ ಅರ್ಥವಿಲ್ಲ.

ಹಾಗಾಗಿ ಮೊದಲು ಯಾವ ಪದ್ಧತಿ ಅನ್ನೋದು ನಿರ್ಧಾರ ಆಗಲಿ. ಸೋರಿಕೆ ಟೆರೇಸ್‌ನಿಂದಲೋ, ಪೈಪಿನಿಂದಲೋ ಅಂತ ತಿಳಿದವರಿಂದ ನೋಡಿಸಿ. ಪೈಪ್ ಸೋರುತ್ತಿದ್ದರೆ ಯಾವ ಕೋಟಿಂಗ್ ಬಳಿದರೂ ಉಪಯೋಗವಿಲ್ಲ. ಇಲ್ಲಿ ಪಾಲಿಯುರೆಥೇನ್ ದ್ರವ ಕೋಟಿಂಗ್ ಅಂತ ಇಟ್ಟುಕೊಳ್ಳೋಣ.

ಎರಡನೆಯದು ಅಳತೆ. ಇದನ್ನು ವೆಂಡರ್‌ಗೆ ಬಿಡಬೇಡಿ, ನಾವೇ ಅಳೆದು ಕೊಡಬೇಕು. 100 ಅಡಿ ಉದ್ದ, 60 ಅಡಿ ಅಗಲದ ಟೆರೇಸ್ ಆದರೆ 6,000 ಚದರಡಿ. ಆದರೆ ಕೋಟಿಂಗ್ ಪ್ಯಾರಪೆಟ್ ಗೋಡೆಯ ಮೇಲೂ ಒಂದಡಿ ಏರಬೇಕು, ಯಾಕೆಂದರೆ ನೆಲ ಮತ್ತು ಗೋಡೆ ಕೂಡುವ ಮೂಲೆಯಲ್ಲೇ ನೀರು ಒಳಗಿಳಿಯೋದು ಹೆಚ್ಚು. ಸುತ್ತಳತೆ 320 ಅಡಿ, ಅಂದರೆ ಇನ್ನೂ 320 ಚದರಡಿ. ಒಟ್ಟು 6,320.

ಮೂರನೆಯದು ದಪ್ಪ. ‘ಮೂರು ಕೋಟ್’ ಅನ್ನೋದು ಅಳತೆಯೇ ಅಲ್ಲ, ತೆಳುವಾಗಿ ಬಳಿದರೂ ಮೂರು ಕೋಟೇ. ‘ಒಣಗಿದ ಮೇಲೆ 1 ಮಿ.ಮೀ. ದಪ್ಪ’ ಅಂತ ಬರೆಯಿರಿ. ಲೆಕ್ಕ ಸುಲಭ: ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ಹರಡಿದರೆ ಹಸಿ ದಪ್ಪ 1 ಮಿ.ಮೀ. ಡಬ್ಬಿಯಲ್ಲಿರೋದರಲ್ಲಿ ಗಾತ್ರದ ಲೆಕ್ಕದಲ್ಲಿ ಅರ್ಧ ಮಾತ್ರ ಘನಪದಾರ್ಥವಾಗಿದ್ದರೆ ಒಣಗಿದಾಗ ಉಳಿಯೋದು ಅರ್ಧ ಮಿ.ಮೀ. ಆದ್ದರಿಂದ 1 ಮಿ.ಮೀ.ಗೆ ಚದರ ಮೀಟರಿಗೆ 2 ಲೀಟರ್ ಬೇಕು. ನಮ್ಮ 6,320 ಚದರಡಿ ಅಂದರೆ ಸುಮಾರು 587 ಚದರ ಮೀಟರ್, ಬೇಕಾಗೋದು 1,174 ಲೀಟರ್, ಅಂದರೆ 20 ಲೀಟರಿನ 59 ಬಕೆಟ್. ಕೆಲಸ ಮುಗಿದ ದಿನ ಖಾಲಿ ಬಕೆಟ್ ಎಣಿಸಿದರೆ ಸಾಕು, ದಪ್ಪ ಗೊತ್ತಾಗುತ್ತೆ.

ಮೇಲ್ ಇಂಗ್ಲಿಷಿನಲ್ಲೇ ಹೋಗಲಿ, ಸಾರ ಹೀಗಿರಲಿ:

1. ಅಳತೆ: ನೆಲ 6,000, ಗೋಡೆ ಏರಿಕೆ 320 ಚದರಡಿ. ಸೈಟ್ ನೋಡಲು ಎಲ್ಲರಿಗೂ ಒಂದೇ ದಿನ.
2. ಕೆಲಸ: ಶುಚಿ ಮಾಡುವುದು, ಬಿರುಕು ತುಂಬುವುದು, ಮೂಲೆಯ ವಾಟಾ, ಪ್ರೈಮರ್, ಕೋಟಿಂಗ್. ಪ್ರತಿಯೊಂದಕ್ಕೂ ಬೇರೆ ಸಾಲಿನಲ್ಲಿ ರೇಟ್.
3. ಮಾಲು: ಬ್ರ್ಯಾಂಡ್, ಗಾತ್ರದ ಲೆಕ್ಕದ ಘನಾಂಶ (ತೂಕದ್ದಲ್ಲ), ಚದರ ಮೀಟರಿಗೆ ಎಷ್ಟು ಲೀಟರ್. ಡೇಟಾ ಶೀಟ್ ಜೊತೆಗಿರಲಿ.
4. ಪರೀಕ್ಷೆ: ಕೋಟಿಂಗ್ ಪೂರ್ತಿ ಗಟ್ಟಿಯಾದ ಮೇಲೆ, ನೀರಿನ ಹೊರದಾರಿ ಮುಚ್ಚಿ 48 ಗಂಟೆ ನೀರು ನಿಲ್ಲಿಸುವುದು. ಕೊನೆಯ ಕಂತು ಆಮೇಲೆ.
5. ಬೆಲೆ: ಜಿಎಸ್‌ಟಿ ಬೇರೆ ಸಾಲಿನಲ್ಲಿ. ಕಸ ಸಾಗಣೆ ಸೇರಿದೆಯೇ?
6. ವಾರಂಟಿ: ಎಷ್ಟು ವರ್ಷ, ಕೊಡೋದು ಕಂಪನಿಯೋ ಗುತ್ತಿಗೆದಾರನೋ, ಕೂಲಿಯೂ ಸೇರಿದೆಯೇ?
7. ಬೇರೆ ಪದ್ಧತಿ ಸೂಚಿಸುವುದಾದರೆ ಪ್ರತ್ಯೇಕ ಹಾಳೆಯಲ್ಲಿ. ಮೊದಲು ಈ ಸ್ಪೆಸಿಫಿಕೇಶನ್‌ಗೆ ರೇಟ್.

ಏಳನೇ ಸಾಲು ಮುಖ್ಯ. ಅನುಭವಿ ಗುತ್ತಿಗೆದಾರರಿಗೆ ನಮಗಿಂತ ಚೆನ್ನಾಗಿ ಗೊತ್ತಿರಬಹುದು. ಅವರ ಸಲಹೆ ಬೇಕು, ಆದರೆ ಹೋಲಿಕೆ ಕೆಡಬಾರದು. ಒಬ್ಬರು ಪ್ರಶ್ನೆ ಕೇಳಿದರೆ ಉತ್ತರ ಎಲ್ಲರಿಗೂ ಕಳಿಸಿ. ಮೇಲ್‌ನಲ್ಲಿ ವೆಂಡರ್‌ಗಳು ಒಬ್ಬರಿಗೊಬ್ಬರು ಕಾಣದಂತೆ ಬಿಸಿಸಿಯಲ್ಲಿ ಹಾಕಿ.

ಉದಾಹರಣೆಗೆ ಎರಡು ಉತ್ತರ ನೋಡೋಣ. ಮೊದಲನೆಯವರದು ಚದರಡಿಗೆ 40 ರೂಪಾಯಿ, ನೆಲಕ್ಕೆ ಮಾತ್ರ. ಗೋಡೆ ಏರಿಕೆ ಅಡಿಗೆ 90, 18 ಶೇಕಡಾ ಜಿಎಸ್‌ಟಿ ಹೊರತು. ಎರಡನೆಯವರದು 58, ಎಲ್ಲ ಸೇರಿ 6,320 ಚದರಡಿಗೆ. ನೋಡೋಕೆ 18 ರೂಪಾಯಿ ವ್ಯತ್ಯಾಸ. ಒಟ್ಟು ಹಾಕಿ: ಮೊದಲನೆಯದು 2,40,000 ಮತ್ತು 28,800, ಜಿಎಸ್‌ಟಿ ಸೇರಿ 3,17,184. ಎರಡನೆಯದು 3,66,560. ಈಗ ಅಂತರ 49,376, ಅಂದರೆ ಚದರಡಿಗೆ ಎಂಟು ರೂಪಾಯಿಯೂ ಇಲ್ಲ.

ಇನ್ನು ಮೂರನೇ ಸಾಲು ತೆಗೆದು ನೋಡಿ. ಇಬ್ಬರ ಮಾಲಿನ ಘನಾಂಶವೂ ಅರ್ಧ. ಮೊದಲನೆಯವರು ಚದರ ಮೀಟರಿಗೆ 1 ಲೀಟರ್ ಬರೆದಿದ್ದರೆ ಸಿಗೋದು ಅರ್ಧ ಮಿ.ಮೀ. ಎರಡನೆಯವರು 2 ಲೀಟರ್. ಅಗ್ಗದ್ದು ಅರ್ಧ ಕೆಲಸದ ಬೆಲೆ. ಮೊದಲನೆಯವರನ್ನು ತಕ್ಷಣ ಬಿಡೋದೂ ನ್ಯಾಯವಲ್ಲ. ‘2 ಲೀಟರಿಗೆ ಎಷ್ಟಾಗುತ್ತೆ?’ ಅಂತ ಕೇಳಿ, ಹೊಸ ರೇಟ್ ಬರಲಿ. ಆಗ ಜನರಲ್ ಬಾಡಿ ಮುಂದೆ ಇಡೋದು ಒಂದೇ ಕೆಲಸದ ಎರಡು ಬೆಲೆ.